ಯಂತ್ರ ಬೇಕು, ಸಾಲ ಇನ್ನೂ ಬಂದಿಲ್ಲ: ಉದ್ದೇಶ ಪತ್ರ ಬರೆಯುವುದು ಹೇಗೆ?

ತೀರ್ಥಹಳ್ಳಿ ಕಡೆಯ ಹತ್ತು ಜನ ಅಡಿಕೆ ಬೆಳೆಗಾರರು ಸೇರಿ ಹಸಿ ಅಡಿಕೆ ಸುಲಿಯುವ ದೊಡ್ಡ ಯಂತ್ರ ತರಬೇಕು ಅಂತಿದ್ದಾರೆ ಅಂದುಕೊಳ್ಳಿ. ಮೆಟ್ಟುಗತ್ತಿ ಹಿಡಿದು ಸುಲಿಯುವವರು ಸಿಗುವುದೇ ಕಷ್ಟ. ಶಿವಮೊಗ್ಗದ ಫ್ಯಾಬ್ರಿಕೇಟರ್ ಒಬ್ಬರು 7,20,000 ರೂಪಾಯಿಗೆ ಕೊಟೇಶನ್ ಕೊಟ್ಟಿದ್ದಾರೆ. ಈಗ ಜುಲೈ. ಬ್ಯಾಂಕ್ ಸಾಲ ಮಂಜೂರಾಗಿಲ್ಲ, ಹಾಗಾಗಿ ಅಗ್ರಿಮೆಂಟಿಗೆ ಸಹಿ ಹಾಕುವಂತಿಲ್ಲ. ಅತ್ತ ಅವರು ಹೇಳುತ್ತಾರೆ: "ಕೊನೆ ಕೊಯ್ಲಿಗೆ ಮೊದಲು ಯಂತ್ರ ಬೇಕಂದ್ರೆ ಮೋಟಾರ್ ಈಗಲೇ ಬುಕ್ ಮಾಡ್ಬೇಕು. ಒಂದು ಲೆಟರ್ ಕೊಡಿ ಸಾಕು."

ಆ ಲೆಟರ್ ಅನ್ನೇ ಉದ್ದೇಶ ಪತ್ರ ಅನ್ನುವುದು. ವ್ಯಾಪಾರದವರ ಬಾಯಲ್ಲಿ ಎಲ್‌ಒಐ. ಸಾಮಾನ್ಯವಾಗಿ ಜನ ಬರೆದುಕೊಡುವುದು ಹೀಗೆ:

"ನಿಮ್ಮ ಕೊಟೇಶನ್ ಒಪ್ಪಿದ್ದೇವೆ. ದಯವಿಟ್ಟು ಕೆಲಸ ಶುರು ಮಾಡಿ. ಅಗ್ರಿಮೆಂಟ್ ಆಮೇಲೆ ಮಾಡಿಕೊಳ್ಳೋಣ."

ಮೇಲೆ ದಪ್ಪ ಅಕ್ಷರದಲ್ಲಿ "ಉದ್ದೇಶ ಪತ್ರ" ಅಂತ ಬರೆದರೂ ಈ ಮೂರು ಸಾಲು ಪೂರ್ತಿ ಒಪ್ಪಂದವೇ ಆಗಿಬಿಡಬಹುದು. ಡ್ರೆಸ್ಸರ್ ರ‍್ಯಾಂಡ್ ಮತ್ತು ಬಿಂದಾಲ್ ಆಗ್ರೋ ಕೆಮ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಇದನ್ನು ಬಿಡಿಸಿ ಹೇಳಿದೆ. ಉದ್ದೇಶ ಪತ್ರ ಅಂದರೆ ಮುಂದೆ ಒಪ್ಪಂದ ಮಾಡಿಕೊಳ್ಳುವ ಮನಸ್ಸಿದೆ ಅಂತ ತಿಳಿಸುವುದು ಮಾತ್ರ. ಸಾಮಾನ್ಯವಾಗಿ ಅದು ಯಾರನ್ನೂ ಕಟ್ಟಿಹಾಕುವುದಿಲ್ಲ. ಆದರೆ "ಕೆಲಸ ಈಗಲೇ ಶುರು ಮಾಡಿ, ವಿವರದ ಒಪ್ಪಂದ ಆಮೇಲೆ" ಅಂತ ಬರೆದಿದ್ದರೆ, ಹೆಸರು ಏನೇ ಇರಲಿ, ಅದು ಕೊಟೇಶನ್‌ಗೆ ಕೊಟ್ಟ ಒಪ್ಪಿಗೆ ಅನ್ನಿಸಿಕೊಳ್ಳಬಹುದು. ಸಾಲ ಸಿಗದೆ ಹಿಂದೆ ಸರಿದರೆ, ಒಪ್ಪಂದ ಮುರಿದಿದ್ದಕ್ಕೆ ನಷ್ಟ ಕಟ್ಟಿಕೊಡಿ ಅಂತ ಅವರು ಕೇಳಬಹುದು.

ಹಾಗಾಗಿ ಪತ್ರವನ್ನು ಎರಡು ಭಾಗ ಮಾಡಿ ಬರೆಯಿರಿ.

ಮೊದಲ ಭಾಗ: ಕಟ್ಟಿಹಾಕದ ಮಾತು

ಯಂತ್ರದ ವಿವರ, ಅಂದಾಜು ಬೆಲೆ, ಯಾವಾಗ ಬೇಕು, ಹಣ ಹೇಗೆ ಕೊಡುವ ಯೋಚನೆ ಇದೆ – ಈ ನಾಲ್ಕೂ ಇಲ್ಲಿ 1ರಿಂದ 4ನೇ ಅಂಶಗಳಾಗಿ ಬರಲಿ. ಇಲ್ಲಿ ಕ್ರಿಯಾಪದದ ಮೇಲೆ ಕಣ್ಣಿಡಿ. "ಖರೀದಿಸುತ್ತೇವೆ", "ಒಪ್ಪಿದ್ದೇವೆ" ಬೇಡ. "ಖರೀದಿಸುವ ಯೋಚನೆ ಇದೆ" ಅನ್ನಿ. ಭಾಗದ ಕೊನೆಯಲ್ಲಿ ಹೀಗೆ ಬರೆಯಿರಿ:

"1ರಿಂದ 4ನೇ ಅಂಶಗಳು ನಮ್ಮ ಉದ್ದೇಶವನ್ನಷ್ಟೇ ತಿಳಿಸುತ್ತವೆ. ಎರಡೂ ಕಡೆಯವರು ಒಪ್ಪಂದಕ್ಕೆ ಸಹಿ ಹಾಕುವವರೆಗೆ ಯಂತ್ರ ಕೊಳ್ಳುವ ಬಾಧ್ಯತೆ ನಮಗಿಲ್ಲ, ಮಾರುವ ಬಾಧ್ಯತೆ ನಿಮಗಿಲ್ಲ. ಬ್ಯಾಂಕ್ ಸಾಲ ಮಂಜೂರಾದರೆ ಮಾತ್ರ ಒಪ್ಪಂದಕ್ಕೆ ಸಹಿ ಹಾಕುತ್ತೇವೆ."

ಎರಡನೇ ಭಾಗ: ಕಟ್ಟಿಹಾಕುವ ಮಾತು

ಎಲ್ಲವೂ ಬರೀ ಉದ್ದೇಶವೇ ಆದರೆ ಪತ್ರದಿಂದ ಯಾರಿಗೂ ಲಾಭವಿಲ್ಲ, ಅಲ್ವಾ? ನಮಗೆ ಬೆಲೆ ಏರಬಾರದು, ಅವರಿಗೆ ಕೈಯಿಂದ ಹೋದ ದುಡ್ಡು ಮುಳುಗಬಾರದು. ಅಷ್ಟನ್ನು ಮಾತ್ರ ಗಟ್ಟಿ ಮಾಡಿಕೊಳ್ಳೋಣ.

ಬೆಲೆಯಿಂದ ಶುರು ಮಾಡೋಣ. ಹೆಚ್ಚಿನವರು ಎಡವುವುದು ಇಲ್ಲೇ. "ಆಗಸ್ಟ್ 14ರವರೆಗೆ ಇದೇ ಬೆಲೆ" ಅಂತ ಫ್ಯಾಬ್ರಿಕೇಟರ್ ಬರೆದುಕೊಟ್ಟರೂ, ನೀವು ಅದಕ್ಕೆ ಏನೂ ಕೊಡದಿದ್ದರೆ ಆ ಮಾತಿಗೆ ಬಲವಿಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ ಪ್ರತಿಫಲವಿಲ್ಲದ ಒಪ್ಪಂದ, ಕೆಲವು ಅಪವಾದ ಬಿಟ್ಟರೆ, ನಿಲ್ಲುವುದಿಲ್ಲ. ನೀವು ಒಪ್ಪುವ ಮೊದಲು ಅವರು ಕೊಟೇಶನ್ ವಾಪಸ್ ಪಡೆಯಬಹುದು. ಇದಕ್ಕೆ ಒಂದು ದಾರಿ ಡ್ರಾಯಿಂಗ್ ಶುಲ್ಕ. 15,000 ರೂಪಾಯಿ ಕೊಡಿ. "ಈ ಶುಲ್ಕಕ್ಕೆ ಪ್ರತಿಯಾಗಿ ನೀವು ಡ್ರಾಯಿಂಗ್ ಮಾಡಿಕೊಡಬೇಕು, ಆಗಸ್ಟ್ 14ರವರೆಗೆ 7,20,000 ರೂಪಾಯಿ ಬೆಲೆಯನ್ನೇ ಇಟ್ಟುಕೊಳ್ಳಬೇಕು. ಒಪ್ಪಂದವಾದರೆ ಶುಲ್ಕ ಬೆಲೆಯಲ್ಲಿ ವಜಾ ಆಗುತ್ತದೆ. ಆಗದಿದ್ದರೆ ವಾಪಸ್ ಕೇಳುವುದಿಲ್ಲ" ಅಂತ ಬರೆಯಿರಿ. ಈಗ ಅವರ ಮಾತಿಗೆ ಬಲ ಬಂತು.

ಇನ್ನು ಮೋಟಾರ್. "ಬೇಕಾದ ಸಾಮಾನು ತರಿಸಿ" ಅಂತ ಬರೆದರೆ ಕಬ್ಬಿಣ, ಬೆಲ್ಟ್, ಬೇರಿಂಗ್ ಎಲ್ಲವೂ ಅದರೊಳಗೆ ಬರುತ್ತದೆ. ವಸ್ತುವಿನ ಹೆಸರು, ಮಿತಿ ಎರಡನ್ನೂ ಹೇಳಿ: "ಮೋಟಾರ್ ಒಂದನ್ನು ಮಾತ್ರ ಬುಕ್ ಮಾಡಬಹುದು. ಒಪ್ಪಂದ ಆಗದಿದ್ದರೆ ಅದರ ಬಿಲ್ ಮೊತ್ತವನ್ನು, 60,000 ರೂಪಾಯಿ ಮೀರದಂತೆ, ನಾವು ಕೊಟ್ಟು ಮೋಟಾರ್ ಪಡೆಯುತ್ತೇವೆ. ನಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಮಾಡಿದ ಬೇರೆ ಖರ್ಚಿಗೆ ನಾವು ಹೊಣೆಯಲ್ಲ."

ಈಗ ಲೆಕ್ಕ ಹಾಕಿ. ಸಾಲ ಸಿಗದೇ ಹೋದರೆ ಕೈಬಿಡುವುದು 15,000, ಜೊತೆಗೆ ಮೋಟಾರಿಗೆ ಹೆಚ್ಚೆಂದರೆ 60,000. ಒಟ್ಟು 75,000. ಹತ್ತು ಜನರಿಗೆ ತಲಾ 7,500, ಮೋಟಾರೂ ಕೈಯಲ್ಲಿರುತ್ತದೆ. ಈ ಮೊತ್ತ ಭಾರ ಅನ್ನಿಸಿದರೆ ಪತ್ರ ಕೊಡಲೇಬೇಡಿ. ನನ್ನ ಮಟ್ಟಿಗೆ, ಗುಂಪಿನ ಸಭೆಯಲ್ಲಿ ಓದಿ ಹೇಳಬೇಕಾದ ಸಂಖ್ಯೆ ಇದೇ, ಯಂತ್ರದ ಬೆಲೆಯಲ್ಲ.

ಉಳಿದದ್ದು ಬೇಗ ಮುಗಿಯುತ್ತದೆ. ಪತ್ರ ಯಾವ ದಿನ ಮುಗಿಯುತ್ತದೆ, ವ್ಯಾಜ್ಯ ಬಂದರೆ ಶಿವಮೊಗ್ಗದ ಕೋರ್ಟ್, ಇವೆರಡು ಸಾಲು ಸೇರಿಸಿ. ಈ ಭಾಗಕ್ಕೆ 5ರಿಂದ 8ನೇವರೆಗಿನ ನಾಲ್ಕು ಅಂಶ ಸಾಕು. ಕೊನೆಗೆ, "5ರಿಂದ 8ನೇ ಅಂಶಗಳು ಎರಡೂ ಕಡೆಯವರಿಗೆ ಬದ್ಧ" ಅಂತ ಸ್ಪಷ್ಟವಾಗಿ ಹೇಳಿ.

ಸಹಿ ಯಾರದ್ದು?

ಎರಡು ಪ್ರತಿ ಮಾಡಿ, ಎರಡರಲ್ಲೂ ಇಬ್ಬರ ಸಹಿ ಇರಲಿ. ನೀವೊಬ್ಬರೇ ಸಹಿ ಹಾಕಿ ಕಳಿಸಿದರೆ ಬೆಲೆ ಏರಿಸುವುದಿಲ್ಲ ಅಂತ ಅವರು ಒಪ್ಪಿದ್ದಕ್ಕೆ ಪುರಾವೆ ಎಲ್ಲಿ? ಇನ್ನೊಂದು ವಿಷಯ: ಹತ್ತು ಜನರ ಗುಂಪು ನೋಂದಣಿ ಆಗಿಲ್ಲದಿದ್ದರೆ ಕಾನೂನಿನ ಕಣ್ಣಿಗೆ ಅದಕ್ಕೆ ಬೇರೆ ಅಸ್ತಿತ್ವವಿಲ್ಲ. "ಗುಂಪಿನ ಪರವಾಗಿ" ಅಂತ ಬರೆದು ಒಬ್ಬರೇ ಸಹಿ ಹಾಕಿದರೆ ಆ 75,000 ಅವರೊಬ್ಬರ ಕುತ್ತಿಗೆಗೆ ಬರಬಹುದು. ಹತ್ತೂ ಜನ ಸಹಿ ಹಾಕಿ. ಛಾಪಾ ಕಾಗದ ಎಷ್ಟರದ್ದು ಬೇಕು ಅನ್ನುವುದನ್ನು ವಕೀಲರ ಹತ್ತಿರ ಕೇಳಿಕೊಳ್ಳಿ.

ಪತ್ರ ಕೊಟ್ಟ ಮೇಲೆ

ಪತ್ರ ಎಷ್ಟು ಚೆನ್ನಾಗಿದ್ದರೂ ಫೋನು ಅದನ್ನು ಕೆಡಿಸುತ್ತದೆ. ಒಂದು ಸಂಜೆ ಫ್ಯಾಬ್ರಿಕೇಟರ್ ವಾಟ್ಸಾಪಿನಲ್ಲಿ ಫ್ರೇಮಿನ ಫೋಟೋ ಕಳಿಸುತ್ತಾರೆ: "ಸರ್, ಕಟಿಂಗ್ ಶುರು ಮಾಡ್ಲಾ?" ನೀವು ಸುಮ್ನೆ ಹೆಬ್ಬೆರಳ ಚಿತ್ರ ಒತ್ತುತ್ತೀರಿ. ಮುಂದೆ ಇದೇ "ಲಿಖಿತ ಒಪ್ಪಿಗೆ" ಅಂತ ವಾದಕ್ಕೆ ಬರಬಹುದು. ಎಲೆಕ್ಟ್ರಾನಿಕ್ ಸಂದೇಶದಲ್ಲಿ ಮಾಡಿಕೊಂಡ ಕರಾರು, ಅದೊಂದೇ ಕಾರಣಕ್ಕೆ ಅಸಿಂಧು ಅಲ್ಲ ಅಂತ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಹೇಳುತ್ತದೆ. ಉತ್ತರ ಕೊಡದೆ ಬಿಡುವುದೂ ಬೇಡ. "ಅಣ್ಣ, ಒಪ್ಪಂದಕ್ಕೆ ಸಹಿ ಆಗೋವರೆಗೆ ಮೋಟಾರ್ ಬಿಟ್ಟು ಬೇರೇನೂ ಬೇಡ" ಅಂತ ಅವತ್ತೇ ಟೈಪ್ ಮಾಡಿ.

ಆಗಸ್ಟ್ 14 ಹತ್ತಿರ ಬಂತು, ಬ್ಯಾಂಕಿನವರು ಇನ್ನೊಂದು ಪಹಣಿ ಕೇಳುತ್ತಿದ್ದಾರೆ. ಆಗ 14ಕ್ಕೆ ಮೊದಲೇ ಎರಡು ಸಾಲಿನ ಪತ್ರ ಮಾಡಿ: "ದಿನಾಂಕ ಆಗಸ್ಟ್ 31ಕ್ಕೆ ಮುಂದೂಡಲಾಗಿದೆ. ಉಳಿದ ಅಂಶಗಳಲ್ಲಿ ಬದಲಾವಣೆ ಇಲ್ಲ." ಇದಕ್ಕೂ ಇಬ್ಬರ ಸಹಿ ಬೇಕು. ಮೊದಲು ಕೊಟ್ಟ 15,000 ಆಗಸ್ಟ್ 14ರವರೆಗಿನ ಬೆಲೆಗೆ ಮಾತ್ರ. ಹದಿನೇಳು ದಿನಕ್ಕೆ ಇನ್ನೊಂದಿಷ್ಟು ಕೊಡಿ ಅಂತ ಅವರು ಕೇಳಿದರೆ ತಪ್ಪಿಲ್ಲ. ಎರಡು ಸಾವಿರಕ್ಕೋ ಮೂರು ಸಾವಿರಕ್ಕೋ ಮಾತಾಡಿ, ಕೊಟ್ಟ ಮೊತ್ತವನ್ನು ಅದೇ ಪತ್ರದಲ್ಲಿ ಬರೆಸಿ.