ಗಿಳಿ ತನ್ನ ಗರಿ ತಾನೇ ಕಡಿಯುತ್ತಿದೆಯಾ? ಫೋಟೋದಲ್ಲಿ ನಾನು ನೋಡುವ ಬಗೆ

ನಮ್ಮ ಮನೆಯ ಗುಂಡ ಆಫ್ರಿಕನ್ ಗ್ರೇ. ನಮ್ಮ ಕಡೆಯ ಹಸಿರು ಗಿಳಿಯನ್ನು ಸಾಕುವುದಕ್ಕೆ 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ, ಹಾಗಾಗಿ ಇಲ್ಲಿ ಹೇಳುವುದೆಲ್ಲ ಈ ಬೂದು ಹಕ್ಕಿಯ ಮಾತು. ಗರಿ ಕಿತ್ತುಕೊಳ್ಳುವ ಚಟದಲ್ಲಿ ಗ್ರೇ ಗಿಳಿಗಳದ್ದು ದೊಡ್ಡ ಹೆಸರು.

ಗುಂಡನ ಎದೆ ಸ್ವಲ್ಪ ತೆಳ್ಳಗೆ ಕಾಣಿಸಲು ಶುರುವಾದಾಗ ಮನೆಯವರೆಲ್ಲ 'ಗರಿ ಉದುರುವ ಕಾಲ, ಬಿಡು' ಅಂದರು. ಇರಬಹುದು. ಆದರೆ ಉದುರುವ ಕಾಲದಲ್ಲಿ ಸಾಮಾನ್ಯವಾಗಿ ಎರಡೂ ಕಡೆ ಒಂದೇ ಥರ ಉದುರುತ್ತದೆ, ಹಳೆಯದು ಬಿದ್ದ ಜಾಗದಲ್ಲಿ ಹೊಸ ಪಿನ್ ಗರಿ ಮುಳ್ಳಿನ ಹಾಗೆ ಎದ್ದಿರುತ್ತದೆ, ಚರ್ಮ ಬೋಳಾಗಿ ಕಾಣುವುದಿಲ್ಲ. ಹಾಗಾಗಿ ಫೋಟೋ ತೆಗೆದು ನೋಡಿಯೇ ಬಿಡೋಣ ಅಂದುಕೊಂಡೆ.

ಫೋಟೋ ತೆಗೆಯುವುದರಲ್ಲೇ ಅರ್ಧ ಕೆಲಸ ಇದೆ. ಬೆಳಗಿನ ಹೊತ್ತು ಕಿಟಕಿ ಪಕ್ಕ ಕೂರಿಸುತ್ತೇನೆ, ಫ್ಲ್ಯಾಷ್ ಹಾಕುವುದಿಲ್ಲ. ಫೋನನ್ನು ಮುಖದ ಹತ್ತಿರ ಹಿಡಿದರೆ ಕೊಕ್ಕು ಇರುವುದಕ್ಕಿಂತ ಉದ್ದ ಕಾಣುತ್ತದೆ, ಅದಕ್ಕೇ ಎರಡು ಹೆಜ್ಜೆ ಹಿಂದೆ ನಿಂತು ಜೂಮ್ ಮಾಡುತ್ತೇನೆ. ಪೋರ್ಟ್ರೇಟ್ ಮೋಡ್, ಬ್ಯೂಟಿ ಮೋಡ್ ಎರಡೂ ಬಂದ್. ಅವು ಗರಿಯ ಅಂಚನ್ನು ನುಣುಪು ಮಾಡಿಬಿಡುತ್ತವೆ, ನಮಗೆ ಬೇಕಾದದ್ದೇ ಆ ಅಂಚು. ಸ್ನಾನ ಮಾಡಿದ ಮೇಲೆ ಪೂರ್ತಿ ಒಣಗುವ ತನಕ ಕಾಯಬೇಕು, ಒದ್ದೆ ಗಿಳಿಯಲ್ಲಿ ಮಾಮೂಲಿಯಾಗಿ ಗರಿ ಇಲ್ಲದ ಜಾಗಗಳೂ ಬೋಳು ಬಿದ್ದ ಹಾಗೆ ಕಾಣುತ್ತವೆ.

ಮೊದಲು ನೋಡುವುದು ತಲೆ. ಗಿಳಿಯ ಕೊಕ್ಕು ತನ್ನ ತಲೆಗೆ ಎಟುಕುವುದಿಲ್ಲ ಅಲ್ವಾ? ತಲೆಯ ಗರಿ ಚೆನ್ನಾಗಿದ್ದು ಎದೆ, ಕಾಲು, ರೆಕ್ಕೆಯ ಅಡಿ ಹಾಳಾಗಿದ್ದರೆ ಹೆಚ್ಚಾಗಿ ಅದು ಗಿಳಿಯದೇ ಕೈವಾಡ. ತಲೆಯೂ ಹಾಳಾಗಿದ್ದರೆ ಜೊತೆಯ ಹಕ್ಕಿ ಕಿತ್ತಿರಬಹುದು, ಇಲ್ಲವೇ ಕಾಯಿಲೆ ಇರಬಹುದು. ಗುಂಡನ ತಲೆ ನೀಟಾಗಿತ್ತು, ಬಾಚಿದ ಹಾಗೆ.

ಎದೆಯನ್ನು ಜೂಮ್ ಮಾಡಿದಾಗ ವಿಷಯ ಗೊತ್ತಾಯಿತು. ಗರಿ ಬುಡದಿಂದ ಕಿತ್ತುಬಂದಿರಲಿಲ್ಲ. ನಡುವಿನ ಕಡ್ಡಿ ಅಲ್ಲೇ ಇತ್ತು, ತುದಿ ಮಾತ್ರ ಜಗಿದ ಬೇವಿನ ಕಡ್ಡಿಯ ಹಾಗೆ ಸೀಳಿತ್ತು, ಸಂದಿಯಲ್ಲಿ ಬಿಳಿ ತುಪ್ಪಳ ಇಣುಕುತ್ತಿತ್ತು. ಅಂದರೆ ಕಿತ್ತದ್ದಲ್ಲ, ಕಡಿದದ್ದು. ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಬುಡಸಮೇತ ಕಿತ್ತ ಜಾಗದಲ್ಲಿ ಹೊಸ ಗರಿ ಬೇಗ ಮೊಳೆಯಲು ಶುರುವಾಗುತ್ತದೆ. ಕಡಿದ ಗರಿಯ ಬುಡ ಚರ್ಮದೊಳಗೇ ಕೂತಿರುತ್ತದೆ, ಮುಂದಿನ ಸಲ ಉದುರುವ ತನಕ ಹೊಸದು ಬರುವುದಿಲ್ಲ. ಆದ್ದರಿಂದ ತಿಂಗಳು ಕಳೆದರೂ ಎದೆ ಹಾಗೇ ಇದ್ದರೆ 'ಔಷಧಿ ಕೆಲಸ ಮಾಡಲಿಲ್ಲ' ಅಂತ ಅರ್ಥ ಅಲ್ಲ. ಹೊಸ ಜಾಗಕ್ಕೆ ಹರಡಿದೆಯಾ ಅನ್ನುವುದನ್ನಷ್ಟೇ ನೋಡಬೇಕು.

ಬಾಲದ ಕೆಂಪು ಗರಿಗಳಲ್ಲಿ ಅಡ್ಡಕ್ಕೆ ತೆಳುವಾದ ಗೆರೆಗಳೂ ಇದ್ದವು. ಗರಿ ಬೆಳೆಯುವಾಗ ಊಟ ಸರಿಯಿಲ್ಲದಿದ್ದರೆ, ಹಕ್ಕಿ ಹೆದರಿದ್ದರೆ ಅಥವಾ ಹುಷಾರು ತಪ್ಪಿದ್ದರೆ ಆ ಗೆರೆ ಉಳಿದುಬಿಡುತ್ತದೆ. ಕಾರಣ ಏನು ಅಂತ ಗೆರೆ ಹೇಳುವುದಿಲ್ಲ, ಆಗ ಏನೋ ಆಗಿತ್ತು ಅಂತ ಮಾತ್ರ ಹೇಳುತ್ತದೆ.

ಇನ್ನು ಕೊಕ್ಕು. ಗ್ರೇ ಗಿಳಿಯ ಕಪ್ಪು ಕೊಕ್ಕಿನ ಮೇಲೆ ಬೂದು ಪುಡಿ ಮೆತ್ತಿರಬೇಕು. ಅದು ತುಪ್ಪಳದಿಂದ ಬರುವ ಪುಡಿ, ಗರಿ ತೀಡುವಾಗ ಕೊಕ್ಕಿಗೂ ಹತ್ತುತ್ತದೆ. ಕೊಕ್ಕು ಫಳಫಳ ಹೊಳೆಯುತ್ತಿದ್ದರೆ ಎಷ್ಟು ಚೆಂದ ಅನ್ನಿಸುತ್ತದೆ, ಆದರೆ ನನಗೆ ಭಯ ಆಗುವುದೇ ಅಲ್ಲಿ. ಪುಡಿ ನಿಂತುಹೋಗಿರುವುದು ಕೊಕ್ಕು ಮತ್ತು ಗರಿಗೆ ಬರುವ ವೈರಸ್ ಕಾಯಿಲೆಯ ಒಂದು ಲಕ್ಷಣ, ಆದರೆ ಯಾಕೆ ನಿಂತಿದೆ ಅಂತ ತಿಳಿಯಲು ಪರೀಕ್ಷೆಯೇ ಬೇಕು. ಪಕ್ಕದಿಂದ ತೆಗೆದ ಫೋಟೋದಲ್ಲಿ ಮೇಲಿನ ಕೊಕ್ಕು ಉದ್ದ ಆಗುತ್ತಿದೆಯಾ ಅಂತ ಹಳೆಯ ಫೋಟೋ ಪಕ್ಕ ಇಟ್ಟು ನೋಡುತ್ತೇನೆ. ಬೇಗ ಬೇಗ ಬೆಳೆಯುತ್ತಿದ್ದರೆ ಲಿವರ್ ತೊಂದರೆಯೂ ಇರಬಹುದು. ಸಣ್ಣ ಸಿಪ್ಪೆ ಏಳುವುದು ಮಾಮೂಲಿ. ಗುಂಡನ ಕೊಕ್ಕು ಪುಡಿ ಪುಡಿಯಾಗೇ ಇತ್ತು.

ಇಷ್ಟನ್ನೂ ತೋರಿಸಿದಾಗ ಡಾಕ್ಟರು ಫೋಟೋ ಪಕ್ಕಕ್ಕಿಟ್ಟು ಮೊದಲು ತೂಕ ನೋಡಿದರು, ಎದೆಮೂಳೆ ಮುಟ್ಟಿ ನೋಡಿದರು. ಹಕ್ಕಿ ಬಡಕಲಾಗಿದ್ದರೂ ಗರಿ ಮುಚ್ಚಿಬಿಡುತ್ತದೆ, ಫೋಟೋದಲ್ಲಿ ತಿಳಿಯುವುದೇ ಇಲ್ಲ. ವೈರಸ್ ಪರೀಕ್ಷೆಗೆ ರಕ್ತ ತೆಗೆದರು, ನೆಗೆಟಿವ್ ಬಂತು. ಊಟ ಕೇಳಿದರು. ಬರೀ ಸೂರ್ಯಕಾಂತಿ ಬೀಜ ತಿನ್ನುತ್ತಿದ್ದ ಗುಂಡನಿಗೆ ಪೆಲೆಟ್, ಕ್ಯಾರೆಟ್, ನುಗ್ಗೆಸೊಪ್ಪು ನಿಧಾನಕ್ಕೆ ಅಭ್ಯಾಸ ಮಾಡಿಸಿ, ದಿನಾ ನೀರು ಚಿಮುಕಿಸಿ ಅಂದರು. ಕಡಿಯಲಿಕ್ಕೆ ತೆಂಗಿನ ನಾರು, ರಟ್ಟಿನ ಚೂರು ಕೊಟ್ಟೆವು. ಈಗಿನ ಫೋಟೋಗಳಲ್ಲಿ ಎದೆಯ ನಡುವೆ ಪಿನ್ ಗರಿಗಳು ಎದ್ದಿವೆ, ಎಡ ರೆಕ್ಕೆಯ ಅಡಿಯಲ್ಲಿ ಮಾತ್ರ ಇನ್ನೂ ಹಳೇ ಸೀಳು ತುದಿಗಳೇ ಇವೆ.