ಬೇಸ್‌ಲೈನ್ ತಾನಾಗಿಯೇ ಏರತೊಡಗಿದಾಗ

ಬದಿಯಡ್ಕದ ಕಡೆಯ ಅಡಕೆ ಕೃಷಿಕರೊಬ್ಬರು ಪಾರ್ಶ್ವವಾಯು ಬಡಿದು ಒಂಬತ್ತು ತಿಂಗಳಾದ ಮೇಲೆ ನನ್ನಲ್ಲಿಗೆ ವಾಕ್‌ಚಿಕಿತ್ಸೆಗೆ ಬಂದರು. ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು, ಆದರೆ ಕಣ್ಣೆದುರಿನ ವಸ್ತುವಿನ ಹೆಸರು ಬಾಯಿಗೆ ಬರುತ್ತಿರಲಿಲ್ಲ.

ಸುಧಾರಣೆ ಚಿಕಿತ್ಸೆಯಿಂದಲೇ ಬಂದದ್ದೆಂದು ತೋರಿಸಲು, ಚಿಕಿತ್ಸೆ ಕೊಟ್ಟು, ನಿಲ್ಲಿಸಿ, ಫಲ ಹಿಂದಕ್ಕೆ ಹೋಗುತ್ತದೆಯೇ ಎಂದು ನೋಡುವ ಎ-ಬಿ-ಎ ವಿನ್ಯಾಸ ಇಲ್ಲಿ ನಡೆಯದು, ಏಕೆಂದರೆ ಕಲಿತ ಪದ ಚಿಕಿತ್ಸೆ ನಿಂತ ಮಾತ್ರಕ್ಕೆ ಮರೆತುಹೋಗುವುದಿಲ್ಲ. ಹಾಗಾಗಿ, ಚಿಕಿತ್ಸೆಗೆ ಮೊದಲಿನ ಮಟ್ಟವಾದ ಬೇಸ್‌ಲೈನನ್ನು ಹಲವು ಪಟ್ಟಿಗಳಲ್ಲಿ ಅಳೆಯುವ ಬಹು-ಬೇಸ್‌ಲೈನ್ ವಿನ್ಯಾಸವನ್ನು ಆರಿಸಿ, ಹೆಸರಿನ ಉದ್ದದಲ್ಲೂ ಬಳಕೆಯಲ್ಲೂ ಸರಿಸಮವಾದ ಹತ್ತು ಹತ್ತು ಚಿತ್ರಗಳ ಮೂರು ಪಟ್ಟಿ ಮಾಡಿದೆ. ಪ್ರತಿ ಭೇಟಿಯಲ್ಲೂ ಕಲಿಸುವುದಕ್ಕೆ ಮೊದಲೇ, ಯಾವ ಸುಳಿವನ್ನೂ ಕೊಡದೆ, ಮೂವತ್ತನ್ನೂ ಕೇಳಿ ಧ್ವನಿಮುದ್ರಿಸುವುದು, ಕಲಿಸುವುದು ಮಾತ್ರ ಒಂದೊಂದೇ ಪಟ್ಟಿಯನ್ನು ಎಂದು ನಿಶ್ಚಯಿಸಿದ್ದೆ. ಒಂದು ಪಟ್ಟಿ ಏರುವಾಗ ಉಳಿದವು ಇದ್ದಲ್ಲೇ ಇದ್ದು, ತಮ್ಮ ಸರದಿ ಬಂದಾಗ ಮಾತ್ರ ಏರಿದರೆ, ಆ ಏರಿಕೆಯನ್ನು ಸಹಜ ಚೇತರಿಕೆ ಎಂದು ತಳ್ಳಿಹಾಕುವುದು ಕಷ್ಟ.

ಆದರೆ ಚಿಕಿತ್ಸೆ ಇನ್ನೂ ಆರಂಭವಾಗದಿರುವಾಗಲೇ ಮೊದಲ ಪಟ್ಟಿಯ ಅಂಕಗಳು 2, 3, 5, 6 ಎಂದು ಏರಿದವು. ಉಳಿದೆರಡೂ ಅದೇ ದಾರಿ ಹಿಡಿದವು. ಕಾರಣ ತಿಳಿದದ್ದು ಅವರ ಹೆಂಡತಿಯಿಂದ. "ಚಿತ್ರಗಳ ಫೋಟೋ ತೆಗೆದಿಟ್ಟುಕೊಂಡಿದ್ದೇನೆ ಡಾಕ್ಟ್ರೇ, ರಾತ್ರಿ ಊಟ ಆದ ಮೇಲೆ ಇವರ ಹತ್ತಿರ ಹೇಳಿಸ್ತೇನೆ." ಆಕೆಯನ್ನು ಬಯ್ಯುವುದಕ್ಕೇನೂ ಇರಲಿಲ್ಲ; ಹಾಗೆ ಮಾಡಬಾರದೆಂದು ನಾನೇ ಹೇಳಿರಲಿಲ್ಲ. ಮೂವತ್ತು ಚಿತ್ರಗಳನ್ನೂ ಬದಲಿಸಿ ಮೊದಲಿನಿಂದ ಆರಂಭಿಸಿದೆ. ಈ ಬಾರಿ ಮೊದಲ ಪಟ್ಟಿ 2, 3, 2, 3, 2 ಎಂದು ನೆಲೆ ನಿಂತಿತು. ಅದನ್ನು ಕಲಿಸತೊಡಗಿದ ನಾಲ್ಕನೆಯ ಭೇಟಿಗೆ 8 ಮುಟ್ಟಿತು. ಉಳಿದೆರಡು ಪಟ್ಟಿಗಳು 3ನ್ನು ದಾಟಲಿಲ್ಲ.

ಎರಡನೆಯ ಪಟ್ಟಿಯನ್ನು ಕಲಿಸಬೇಕಿದ್ದ ಮೊದಲ ದಿನವೇ ಅಂಕ 3ರಿಂದ 6ಕ್ಕೆ ಹಾರಿತು. ಒಂದು ಪದವನ್ನೂ ಕಲಿಸುವ ಮೊದಲೇ ತೆಗೆದ ಅಂಕಕ್ಕೆ ಚಿಕಿತ್ಸೆ ಕಾರಣವಾಗಲಾರದು ಎಂದು ಅನುಮಾನ ಬಂದು ಹಳೆಯ ಧ್ವನಿಮುದ್ರಣಗಳನ್ನು ಕೇಳಿದೆ. ಚಾಪೆಗೆ 'ಪಾಯ', ಕೊಡೆಗೆ 'ಕುಡ', ಬೆಂಕಿಪೆಟ್ಟಿಗೆಗೆ 'ತೀಪ್ಪೆಟ್ಟಿ' ಎಂದು ಅವರು ಆರಂಭದಿಂದಲೂ ಮಲಯಾಳದಲ್ಲಿ ಉತ್ತರಿಸುತ್ತಿದ್ದರು. ಬೇಸ್‌ಲೈನ್‌ನಲ್ಲಿ ಅವನ್ನು ತಪ್ಪೆಂದು ಬರೆದಿದ್ದ ನಾನು ಆ ದಿನ ಅರಿವಿಲ್ಲದೆಯೇ ಸರಿ ಎಂದು ಬರೆದಿದ್ದೆ. ಬದಲಾದದ್ದು ರೋಗಿಯಲ್ಲ, ನನ್ನ ಅಳತೆಗೋಲು. ಕಾಸರಗೋಡಿನಲ್ಲಿ ಕೆಲಸ ಮಾಡುವವರು ಯಾವ ಭಾಷೆಯ ಉತ್ತರಕ್ಕೆ ಅಂಕ ಎಂಬುದನ್ನು ಬೇಸ್‌ಲೈನ್‌ಗೆ ಮೊದಲೇ ಬರೆದಿಡಬೇಕು. ಕಲಿಸುತ್ತಿದ್ದದ್ದು ಕನ್ನಡ ಪದಗಳನ್ನಾದ್ದರಿಂದ ಕನ್ನಡಕ್ಕೆ ಮಾತ್ರ ಅಂಕ ಎಂದು ನಿಯಮ ಮಾಡಿ ಎಲ್ಲವನ್ನೂ ಮರಳಿ ಎಣಿಸಿದಾಗ ಆ ದಿನದ ಅಂಕ 3ಕ್ಕೇ ಇಳಿಯಿತು; ನಿಜವಾದ ಏರಿಕೆ ಎರಡು ಭೇಟಿಗಳ ನಂತರ ಕಾಣಿಸಿಕೊಂಡಿತು. ಮೂರನೆಯ ಪಟ್ಟಿಯೂ ತನ್ನ ಸರದಿಯವರೆಗೆ ಕಾದು ಏರಿತು.

ನನ್ನ ಕಿವಿಯ ಮೇಲೆ ನಂಬಿಕೆ ಹೋದದ್ದರಿಂದ ಧ್ವನಿಮುದ್ರಣಗಳನ್ನು ಕಲಸಿ, ಯಾವುದು ಯಾವ ಹಂತದ್ದೆಂದು ತಿಳಿಸದೆ, ವಿದ್ಯಾರ್ಥಿನಿಯೊಬ್ಬಳಿಗೆ ಕೊಟ್ಟೆ. ಒಂದು ಭೇಟಿಯ ಮೂವತ್ತು ಉತ್ತರಗಳಲ್ಲಿ ಇಪ್ಪತ್ತೊಂಬತ್ತಕ್ಕೆ ನಮ್ಮ ತೀರ್ಮಾನ ಒಂದೇ ಆಗಿತ್ತು. ಉಳಿದ ಒಂದರಲ್ಲಿ ನನಗೆ 'ಕೊಡೆ' ಎಂದು ಕೇಳಿಸಿದ್ದು ಅವಳಿಗೆ 'ಕುಡ' ಎಂದು ಕೇಳಿಸಿತ್ತು.