ಹಳೇ ಹೆಸರಿಗೆ ಪೆಟ್ಟಾಗದ ಹಾಗೆ ಪ್ರೀಮಿಯಂ ಪ್ಯಾಕಿಗೆ ಹೆಸರಿಡೋದು ಹೇಗೆ?

ಮಂಗಳೂರಲ್ಲಿ ಗೇರುಬೀಜದ ಒಂದು ಮನೆತನ ಉಂಟು ಅಂತ ಇಟ್ಕೊಳ್ಳಿ, ಹೆಸರು ಸುಮ್ನೆ ಉದಾಹರಣೆಗೆ 'ಕಿಣಿ'. ಅಜ್ಜನ ಕಾಲದಿಂದ ಮಾರೋದು ಡಬ್ಲ್ಯೂ 320, ಅಂದ್ರೆ ಒಂದು ಪೌಂಡಿಗೆ 300ರಿಂದ 320 ಇಡೀ ಬೀಜ ಬರೋ ಗ್ರೇಡು, ಮದುವೆ ಮನೆಗೂ ಅದೇ, ಮುಂಬೈಗೆ ಹೋಗೋರ ಬ್ಯಾಗಿಗೂ ಅದೇ. ಈಗ ಮಗ ಡಬ್ಲ್ಯೂ 180ರ ದೊಡ್ಡ ಬೀಜವನ್ನ ಜಾಸ್ತಿ ರೇಟಿಗೆ ಬೇರೆ ಪ್ಯಾಕಲ್ಲಿ ಮಾರೋಕೆ ಹೊರಟಿದ್ದಾನೆ.

ಮೊದಲು, ಹೆಸರು ಹುಡುಕೋ ಮುಂಚೆ, ಹೊಸದರಲ್ಲಿ ಬೇರೆ ಎಂತ ಉಂಟು ಅಂತ ಒಂದೇ ಸಾಲಲ್ಲಿ ಬರೀಬೇಕು. ಬರೀ ಡಬ್ಬ ಚಂದ ಆದ್ರೆ, ಇಲ್ಲಾ ಗ್ರೇಡ್ ಮಾತ್ರ ಬೇರೆ ಆದ್ರೆ, ಹೊಸ ಹೆಸರೇ ಬೇಡ, ಹಳೇ ಪ್ಯಾಕಿನ ಮೇಲೆ 180 ಅಂತ ದೊಡ್ಡದಾಗಿ ಹಾಕಿದ್ರೆ ಸಾಕು. ನಮ್ಮ ಉದಾಹರಣೇಲಿ ದೊಡ್ಡ ಬೀಜದ ಜೊತೆಗೆ ಇನ್ನೊಂದು ಉಂಟು, ಎಲ್ಲವೂ ಇಲ್ಲಿಯದೇ ತೋಟದ್ದು, ಆ ವರ್ಷದ ಫಸಲು. ಇದು ಹೆಸರಿಗೆ ಸಾಕಾಗೋ ವಿಷಯ.

ಎರಡನೇದು ಬಿಡಬೇಕಾದ ಪದಗಳು, ಹೆಚ್ಚಿನವರು ಜಾರೋದು ಇಲ್ಲೇ. 'ಕಿಣಿ ಶುದ್ಧ', 'ಕಿಣಿ ಒರಿಜಿನಲ್', 'ಕಿಣಿ ಸೆಲೆಕ್ಟ್', ಕೇಳೋಕೆ ಚಂದವೇ, ಆದ್ರೆ ಪಕ್ಕದಲ್ಲಿರೋ ಹಳೇ ಪ್ಯಾಕನ್ನ ಗಿರಾಕಿ ಹೇಗೆ ನೋಡ್ತಾನೆ ಹೇಳಿ, ಒಂದು ಶುದ್ಧ ಆದ್ರೆ ಇನ್ನೊಂದು ಎಂತ, ಒಂದು ಆರಿಸಿದ್ದಾದ್ರೆ ಇನ್ನೊಂದು ಆರಿಸಿ ಉಳಿದದ್ದಾ? ಹೊಸ ಹೆಸರಿಂದ ನಿಜವಾಗಿ ಪೆಟ್ಟು ಬೀಳೋದು ಹೀಗೆ. ಮೇಲಾಗಿ ಒಂದಕ್ಕಿಂತ ಒಂದು ಮೇಲು ಅನ್ನೋ ಮೆಟ್ಟಿಲಿನ ಪದಗಳು ಬೇಗ ಖಾಲಿ ಆಗ್ತವೆ, ಟಾಟಾ ಟೀಯಲ್ಲಿ ಪ್ರೀಮಿಯಂ ಅನ್ನೋದು ದಿನನಿತ್ಯದ ಪುಡಿ, ಅದರ ಮೇಲೆ ಗೋಲ್ಡ್ ಬರಬೇಕಾಯ್ತು. ಕಾನೂನೂ ಅಡ್ಡ ಬರ್ತದೆ: 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಗುಣಮಟ್ಟ ಮಾತ್ರ ಹೇಳೋ ಪದಕ್ಕೆ ನೋಂದಣಿ ಸಿಗೋದು ಕಷ್ಟ, ನೀವು ಇಟ್ಟದ್ದನ್ನೇ ನಾಳೆ ಪಕ್ಕದವನೂ ಇಡಬಹುದು.

ಹಾಗಾಗಿ 'ಹೆಚ್ಚು ಒಳ್ಳೇದು' ಅನ್ನದ, ಬೇರೆ ಯಾವುದನ್ನೋ ಹೇಳೋ ಪದ ಹುಡುಕಿ. ಗೇರುಬೀಜದ ಸೀಸನ್ ಮುಗೀತಾ ಬರೋದು ತುಳು ಕ್ಯಾಲೆಂಡರಿನ ಪಗ್ಗು ತಿಂಗಳ ಹೊತ್ತಿಗೆ, 'ಕಿಣಿ ಪಗ್ಗು' ಅಂದ್ರೆ ಹಳೇ ಪ್ಯಾಕಿಗೆ ಯಾವ ಅವಮಾನವೂ ಇಲ್ಲ, ತುಳುನಾಡಿನವರಿಗೆ ತಕ್ಷಣ ಹತ್ತಿರ, ಬೆಂಗಳೂರಿನವರಿಗೂ ಫೋನಲ್ಲಿ ಒಂದೇ ಸಲಕ್ಕೆ ಕೇಳಿಸ್ತದೆ. ಆದ್ರೆ ಒಂದು ಷರತ್ತು ಉಂಟು. ಇಲ್ಲಿನ ಫ್ಯಾಕ್ಟರಿಗಳಿಗೆ ಆಫ್ರಿಕಾದಿಂದ ಹಸಿ ಬೀಜ ಬರೋದು ಎಲ್ರಿಗೂ ಗೊತ್ತು, ಅದನ್ನ ಈ ಪ್ಯಾಕಿಗೆ ಒಂದು ಹಿಡಿ ಬೆರೆಸಿದ್ರೂ ಹೆಸರು ಸುಳ್ಳಾಗ್ತದೆ, ಆ ಸುಳ್ಳು ಅಂಟೋದು ಪಗ್ಗುವಿಗಲ್ಲ, ಕಿಣಿಗೆ. ಊರಿನ ಮಾಲು ಸಾಲದ ವರ್ಷ ಆ ಪ್ಯಾಕ್ ಸ್ಟಾಕ್ ಇಲ್ಲ ಅನ್ನೋಕೆ ತಯಾರಿಲ್ಲಾಂದ್ರೆ ಬೇರೆ ಹೆಸರು ನೋಡಿ.

ಮೂರನೇದು, ಮನೆ ಹೆಸರು ಎಷ್ಟು ಹತ್ತಿರ ಇರ್ಬೇಕು ಅನ್ನೋದು. ಮಂಗಳೂರಿನ ಓಲ್ಡ್ ಪೋರ್ಟ್ ರೋಡಿನ ಹೋಟೆಲ್ ನೋಡಿ, ತಾಜ್ ಮಂಜರುನ್ ಇದ್ದದ್ದು ಗೇಟ್‌ವೇ ಆಯ್ತು, ಆಮೇಲೆ ವಿವಾಂತಾ. ವಿವಾಂತಾ ಅನ್ನೋದೂ 2010ರಲ್ಲಿ 'ವಿವಾಂತಾ ಬೈ ತಾಜ್' ಅಂತ ಶುರುವಾದದ್ದು, ಈಗ ತಾಜ್ ಹೆಸರು ಅದರ ಜೊತೆ ಇಲ್ಲ, ತಾಜ್ ಅನ್ನೋದನ್ನ ಮೇಲಿನ ಮಟ್ಟದ ಹೋಟೆಲುಗಳಿಗೇ ಇಟ್ಕೊಂಡಿದ್ದಾರೆ. ಕಿಣಿಯವರದ್ದು ಹಾಗಲ್ಲ, ಮಾಲು ಅದೇ, ಗಿರಾಕಿಯೂ ಅದೇ, ಹಾಗಾಗಿ ಕಿಣಿ ಮುಂದೆ, ಪಗ್ಗು ಹಿಂದೆ, ಎರಡೂ ಒಂದೇ ಸೈಜಿನ ಅಕ್ಷರ. ಗಿರಾಕಿಯೇ ಬೇರೆ ಆದ್ರೆ, ಅಂದ್ರೆ ಚಾಕೊಲೇಟ್ ಬೀಜದ ಗಿಫ್ಟ್ ಬಾಕ್ಸ್ ಥರದ್ದಾದ್ರೆ, ಹೊಸ ಹೆಸರು ದೊಡ್ಡದಾಗಿ, 'ಕಿಣಿಯವರಿಂದ' ಅಂತ ಕೆಳಗೆ ಸಣ್ಣದಾಗಿ ಸಾಕು.

ಆಮೇಲೆ ನೋಂದಣಿ. ಟ್ರೇಡ್‌ಮಾರ್ಕಲ್ಲಿ ಮಾಲನ್ನ ಕ್ಲಾಸುಗಳಾಗಿ ವಿಂಗಡಿಸ್ತಾರೆ, ಸಂಸ್ಕರಿಸಿದ ಗೇರುಬೀಜ 29ನೇ ಕ್ಲಾಸು, ಸಿಹಿತಿಂಡಿ 30. ಟ್ರೇಡ್‌ಮಾರ್ಕ್ ಇಲಾಖೆಯ ಪಬ್ಲಿಕ್ ಸರ್ಚಲ್ಲಿ ಉಚ್ಚಾರ ಹೋಲೋ ಹೆಸರುಗಳನ್ನೂ ನೋಡಿ. 'ಕಿಣಿ ಪಗ್ಗು' ಅಂತ ಒಟ್ಟಿಗೆ ಹಾಕಿದ್ರೆ ಪಗ್ಗು ಪದದ ಮೇಲೆ ಪ್ರತ್ಯೇಕ ಹಕ್ಕು ಬರೋದಿಲ್ಲ, ಹಾಗಾಗಿ ಪಗ್ಗುವಿಗೆ ಬೇರೆಯೇ ಅರ್ಜಿ ಹಾಕಿ. ಮತ್ತೆ ಕಿಣಿ ಅನ್ನೋದು ಸರ್‌ನೇಮ್, ಅದೇ ಸರ್‌ನೇಮ್ ಇರೋರು ಪ್ರಾಮಾಣಿಕವಾಗಿ ಬಳಸಿದ್ರೆ ತಡೆಯೋಕಾಗೋದಿಲ್ಲ, ಅದಕ್ಕೇ ಎರಡನೇ ಪದ ಗಟ್ಟಿ ಇರ್ಬೇಕು. ತುಂಬಾ ಮುಖ್ಯ, ಹೊಸ ಹೆಸರು ಮಗನ ಹೆಸರಲ್ಲಿ, ಹಳೇದು ಅಪ್ಪ ಚಿಕ್ಕಪ್ಪನ ಫರ್ಮಿನಲ್ಲಿ ಅಂತ ಆಗಬಾರದು, ಪಾಲು ಆಗೋ ದಿನ ಒಂದೇ ಪ್ಯಾಕಿನ ಮೇಲಿನ ಎರಡು ಪದಕ್ಕೆ ಇಬ್ಬರು ಮಾಲೀಕರಾಗ್ತಾರೆ. ಎರಡೂ ಒಂದೇ ಫರ್ಮಿಗೆ ಇರ್ಲಿ.

ಮಾರಾಟ ಶುರುವಾದ ಮೇಲೆ ಕೌಂಟರ್ ಹುಡುಗನ ಮಾತಿಗೆ ಕಿವಿ ಕೊಡಿ. ಗಿರಾಕಿ "ಕಿಣಿ ಕೊಡಿ" ಅಂದಾಗ ಅವನು ಹಳೇ ಪ್ಯಾಕನ್ನೇ ತೆಗೆದು ಕೊಟ್ರೆ ಸರಿ ಉಂಟು. "ಸಾದಾದ್ದಾ, ಒಳ್ಳೇದಾ?" ಅಂತ ಕೇಳಿದ್ರೆ ಹಳೇ ಹೆಸರು ಇಳೀತಾ ಉಂಟು ಅಂತ ಅರ್ಥ, "320ಯಾ, ಪಗ್ಗುವಾ?" ಅಂತ ಕೇಳೋಕೆ ಅವತ್ತೇ ಹೇಳಿಕೊಡಿ, ಹಳೇ ಪ್ಯಾಕಿನಿಂದ ದೊಡ್ಡ ಬೀಜ ಹೆಕ್ಕಿ ಹೊಸದಕ್ಕೆ ಹಾಕ್ತಾ ಇದ್ದಾರಾ ಅಂತಲೂ ಅವತ್ತೇ ನೋಡಿ.